ಶೂನಿಂದ ಶುರು ಮಾಡಿ, ಶರ್ಟಿಗೆ ಬನ್ನಿ: ಕಡಿಮೆ ಖರ್ಚಿನಲ್ಲಿ ಆಫೀಸ್ ಬಟ್ಟೆಯ ಬಣ್ಣ ಹೊಂದಿಸುವ ಬಗೆ

ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲ ಸಂಬಳ ಕೈಗೆ ಬಂದ ಭಾನುವಾರ ದೇವರಾಜ ಅರಸು ರಸ್ತೆಗೆ ಹೋಗಿ ಮೊದಲು ಕೊಳ್ಳುವುದು ಶರ್ಟು. ಕಣ್ಣಿಗೆ ಹಿಡಿಸಿದ ನಾಲ್ಕು ಶರ್ಟು ತಂದು, ಅವಕ್ಕೆ ಹೊಂದುವ ಪ್ಯಾಂಟು ಹುಡುಕಿ, ಕೊನೆಗೆ ಉಳಿದ ನೂರಿನ್ನೂರು ರೂಪಾಯಿಗೆ ಸಿಕ್ಕ ಬೆಲ್ಟು, ಸಾಕ್ಸ್ ಹಾಕಿಕೊಳ್ಳುತ್ತಾರೆ. ದುಡ್ಡು ಖರ್ಚಾಗಿರುತ್ತದೆ, ಬೀರು ತುಂಬಿರುತ್ತದೆ, ಆದರೂ ಬೆಳಿಗ್ಗೆ ಎದ್ದು ನಿಂತರೆ ಒಂದಕ್ಕೊಂದು ಕೂಡುವುದಿಲ್ಲ. ತಪ್ಪು ಬಣ್ಣಗಳದ್ದಲ್ಲ, ಕೊಂಡ ಕ್ರಮದ್ದು.

ಕ್ರಮವನ್ನು ತಿರುಗಿಸಿ. ಶೂ ಮೊದಲು, ಅದಕ್ಕೆ ಬೆಲ್ಟು, ಆಮೇಲೆ ಪ್ಯಾಂಟು, ಪ್ಯಾಂಟಿಗೆ ಸಾಕ್ಸ್, ಎಲ್ಲಕ್ಕಿಂತ ಕೊನೆಗೆ ಶರ್ಟು. ಕಾರಣ ಸರಳ. ಕೈ ಬಿಗಿಯಿರುವವರಿಗೆ ಶೂ ಒಂದೇ ಜೊತೆ, ಬೆಲ್ಟು ಒಂದೇ. ಅವು ವಾರದ ಐದೂ ದಿನ ಮೈಮೇಲಿರುತ್ತವೆ. ಪ್ಯಾಂಟು ಎರಡೋ ಮೂರೋ. ಶರ್ಟು ಮಾತ್ರ ದಿನಕ್ಕೊಂದು ಬದಲಾಗುತ್ತದೆ. ಬದಲಾಗದ ವಸ್ತು ಗಟ್ಟಿಯಾದ ಮೇಲೆ ಬದಲಾಗುವುದನ್ನು ಅದಕ್ಕೆ ಹೊಂದಿಸುವುದು ಸುಲಭ, ತಿರುವುಮುರುವು ಮಾಡಿದರೆ ಪ್ರತಿ ಶರ್ಟಿಗೂ ಬೇರೆ ಬೆಲ್ಟು ಬೇಕಾಗುತ್ತದೆ.

ಇಲ್ಲಿ ಒಂದು ಲೆಕ್ಕವನ್ನು ಮುಂದಿಟ್ಟುಕೊಂಡು ಹೋಗೋಣ. ಮಂಡ್ಯದಿಂದ ದಿನವೂ ರೈಲಿನಲ್ಲಿ ಮೈಸೂರಿಗೆ ಬಂದು, ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಚೇರಿಯೊಂದರಲ್ಲಿ ಕೆಲಸ ಮಾಡುವ ಹುಡುಗ ಎಂದಿಟ್ಟುಕೊಳ್ಳಿ. ವಾರಕ್ಕೆ ಐದು ದಿನ ಕೆಲಸ. ಶೂ ಒಂದು ಜೊತೆ ಇದೆ. ಉಳಿದದ್ದಕ್ಕೆ ಎರಡು ತಿಂಗಳಲ್ಲಿ ಒಟ್ಟು ಆರು ಸಾವಿರದ ಆಸುಪಾಸು ತೆಗೆದಿಡಬಲ್ಲ.

ಶೂ ಮತ್ತು ಬೆಲ್ಟು

ಶೂ ಕಪ್ಪೋ ಕಂದೋ ಎಂಬುದು ಮೊದಲ ತೀರ್ಮಾನ. ಬ್ಯಾಂಕು, ಕೋರ್ಟು, ಸರ್ಕಾರಿ ಕಚೇರಿಯ ಕಡೆಯವರಿಗೆ ಕಪ್ಪು ಸರಿ. ಖಾಸಗಿ ಕಚೇರಿಯವರಿಗೆ ಗಾಢ ಕಂದು ಹೆಚ್ಚು ಒದಗುತ್ತದೆ. ಹುರಿದ ಕಾಫಿ ಬೀಜದ ಬಣ್ಣ ಇರುತ್ತದಲ್ಲ, ಅಷ್ಟು ಗಾಢ ಇರಬೇಕು. ಅದು ನೇವಿ ಬ್ಲೂಗೂ ಬೂದಿಗೂ ಬಿಸ್ಕೆಟ್ ಬಣ್ಣಕ್ಕೂ ಕೂಡುತ್ತದೆ. ಅಂಗಡಿಯಲ್ಲಿ ಟ್ಯಾನ್ ಎಂದು ತೋರಿಸುವ ತಿಳಿ ಬೆಲ್ಲದ ಬಣ್ಣದ ಶೂ ಮಾತ್ರ ಒಂದೇ ಜೊತೆ ಇಟ್ಟುಕೊಳ್ಳುವವರಿಗೆ ಬೇಡ. ಗಾಢ ಪ್ಯಾಂಟಿನ ಕೆಳಗೆ ಅದು ಎದ್ದು ಕಾಣುತ್ತದೆ, ನೋಡುವವರ ಕಣ್ಣು ಮುಖದಿಂದ ಜಾರಿ ಪಾದಕ್ಕೆ ಹೋಗುತ್ತದೆ, ಸ್ವಲ್ಪ ಗೀರು ಬಿದ್ದರೂ ಮುಚ್ಚುವುದು ಕಷ್ಟ.

ನಮ್ಮ ಹುಡುಗನ ಶೂ ಕಾಫಿ ಕಂದು. ಹಾಗಾದರೆ ಬೆಲ್ಟು ಅದೇ ಕಂದು. ಇಲ್ಲಿ ಒಂದು ಮಾತನ್ನು ನೆನಪಿನಲ್ಲಿಡಬೇಕು, ಮುಂದೆ ಪ್ಯಾಂಟಿಗೂ ಶರ್ಟಿಗೂ ಇದೇ ಅನ್ವಯಿಸುತ್ತದೆ. ಎರಡು ಬಣ್ಣ ಒಂದೇ ಆಗಿದ್ದರೆ ಕಣ್ಣು ಒಪ್ಪುತ್ತದೆ, ಸ್ಪಷ್ಟವಾಗಿ ಬೇರೆಯಾಗಿದ್ದರೂ ಒಪ್ಪುತ್ತದೆ. ಹೆಚ್ಚುಕಮ್ಮಿ ಒಂದೇ ಎನಿಸಿ, ಸ್ವಲ್ಪ ತಪ್ಪಿದ್ದರೆ ಮಾತ್ರ ಒಪ್ಪುವುದಿಲ್ಲ. ಹೊಂದಿಸಲು ಹೋಗಿ ಹೊಂದದೆ ಹೋಯಿತು ಅನ್ನಿಸುವುದು ಅಲ್ಲೇ. ಶೂ ಕಾಫಿ ಕಂದು, ಬೆಲ್ಟು ಕೆಂಪು ಕಂದು ಆದರೆ ಆ ತಪ್ಪು ಕಾಣುತ್ತದೆ. ಆದ್ದರಿಂದ ಬೆಲ್ಟು ಕೊಳ್ಳಲು ಹೋಗುವಾಗ ಶೂ ಹಾಕಿಕೊಂಡೇ ಹೋಗಿ, ಬೆಲ್ಟನ್ನು ಬಗ್ಗಿ ಶೂ ಮೇಲಿಟ್ಟು ನೋಡಿ.

ಅಗಲ ಮೂರರಿಂದ ಮೂರೂವರೆ ಸೆಂಟಿಮೀಟರ್ ಸಾಕು. ನಾಲ್ಕು ಸೆಂಟಿಮೀಟರಿನದು ಜೀನ್ಸ್ ಬೆಲ್ಟು, ಫಾರ್ಮಲ್ ಪ್ಯಾಂಟಿನ ಲೂಪಿನಲ್ಲಿ ಬಿಗಿದು ಸೊಂಟಪಟ್ಟಿಯನ್ನು ಮಡಚುತ್ತದೆ. ಬಕಲ್ ಚಿಕ್ಕದು, ಬೆಳ್ಳಿ ಬಣ್ಣದ್ದು, ಅಕ್ಷರ, ಹುಲಿ ಮುಖ ಯಾವುದೂ ಇಲ್ಲದ್ದು. ಪ್ಯಾಂಟು 32 ಆದರೆ ಬೆಲ್ಟು 34 ಕೇಳಿ. ಐದು ತೂತಿನ ಬೆಲ್ಟಿನಲ್ಲಿ ನಡುವಿನ ತೂತಿಗೆ ಸಿಕ್ಕಬೇಕು, ತುದಿ ಎಡಗಡೆಯ ಮೊದಲ ಲೂಪನ್ನು ದಾಟಿ ಸ್ವಲ್ಪ ಮುಂದಕ್ಕೆ ಬರಬೇಕು. ಇಷ್ಟುದ್ದ ಬಾಲ ಜೋತಾಡುತ್ತಿದ್ದರೆ ಬೇರೆಯವರ ಬೆಲ್ಟು ಕಟ್ಟಿಕೊಂಡಂತೆ ಕಾಣುತ್ತದೆ.

ದುಡ್ಡು ಉಳಿಸಲು ಹೋಗಿ ಹೆಚ್ಚು ಜನ ಮೋಸಹೋಗುವುದು ಬೆಲ್ಟಿನಲ್ಲಿಯೇ. ರೆಕ್ಸಿನ್ ಬೆಲ್ಟು ಹೊಸದಾಗಿದ್ದಾಗ ಚರ್ಮಕ್ಕಿಂತ ಹೊಳೆಯುತ್ತದೆ. ಕೆಲವು ತಿಂಗಳಲ್ಲೇ ದಿನಾ ಹಾಕುವ ತೂತಿನ ಸುತ್ತ ಬಿರುಕು ಬಿಟ್ಟು ಮೇಲಿನ ಪದರ ಸುಲಿಯುತ್ತದೆ. ಗುರುತಿಸುವುದು ಹೀಗೆ: ಬೆಲ್ಟಿನ ಅಂಚನ್ನು ಬದಿಯಿಂದ ನೋಡಿ. ಚರ್ಮವಾದರೆ ಅಂಚಿನಲ್ಲಿ ಒರಟಾದ ನಾರು ಕಾಣುತ್ತದೆ. ರೆಕ್ಸಿನ್ ಆದರೆ ಸ್ಯಾಂಡ್‌ವಿಚ್ ಥರ ಪದರ ಪದರ, ನಡುವೆ ಬಟ್ಟೆಯೋ ರಟ್ಟೋ ಇರುತ್ತದೆ. ಅಂಚಿಗೆ ದಪ್ಪವಾಗಿ ಬಣ್ಣ ಬಳಿದಿದ್ದರೆ ತೂತಿನ ಒಳಗೆ ನೋಡಿ, ಅಲ್ಲಿ ಬಣ್ಣ ಬಳಿದಿರುವುದು ಕಡಿಮೆ. ಕಪ್ಪು ಕಂದು ಎರಡೂ ಬದಿ ಬಳಸುವ, ಬಕಲ್ ತಿರುಗಿಸುವ ಬೆಲ್ಟು ಒಂದು ದುಡ್ಡಿಗೆ ಎರಡು ಸಿಕ್ಕಂತೆ ತೋರುತ್ತದೆ. ಆದರೆ ಅಗ್ಗದ್ದರಲ್ಲಿ ಬಕಲ್ ತಿರುಗುವ ಕೀಲು ಬೇಗ ಸಡಿಲವಾಗುತ್ತದೆ. ನಿಮ್ಮಲ್ಲಿ ಎರಡು ಬಣ್ಣದ ಶೂ ಇಲ್ಲದಿದ್ದರೆ ಆ ಗೋಜು ಬೇಡ.

ಪ್ಯಾಂಟು: ಕಪ್ಪು ಯಾಕೆ ಬೇಡ

ಕಪ್ಪು ಪ್ಯಾಂಟು ಎಲ್ಲಕ್ಕೂ ಹೊಂದುತ್ತದೆ ಎಂಬ ಮಾತು ಮನೆಮನೆಯಲ್ಲಿದೆ. ಹೊಸದಿದ್ದಾಗ ನಿಜ. ಆದರೆ ಕಡಿಮೆ ಬೆಲೆಯ ಕಪ್ಪು ಬಟ್ಟೆ ಹತ್ತಾರು ಸಲ ಒಗೆದು ಬಿಸಿಲಿಗೆ ಹಾಕಿದ ಮೇಲೆ ಕಪ್ಪಾಗಿ ಉಳಿಯುವುದಿಲ್ಲ, ಕಂದಿಗೋ ಹಸಿರಿಗೋ ತಿರುಗುತ್ತದೆ. ಕೂರುವ ಜಾಗ, ಮಂಡಿ, ಜೇಬಿನ ಬಾಯಿ ಹೊಳೆಯತೊಡಗುತ್ತವೆ. ಬಿಳಿ ಟವೆಲ್ಲಿನ ನೂಲು, ರೈಲಿನ ಸೀಟಿನ ಧೂಳು, ಬೈಕಿನ ಮೇಲೆ ಕೂತ ದೂಳು ಎಲ್ಲವೂ ಕಪ್ಪಿನ ಮೇಲೆ ಎದ್ದು ಕಾಣುತ್ತವೆ. ಅದರ ಮೇಲೆ ಬಿಳಿ ಶರ್ಟು ಹಾಕಿದರೆ ಹೋಟೆಲಿನಲ್ಲಿ ಬಡಿಸುವವರ ಯೂನಿಫಾರ್ಮ್ ನೆನಪಾಗುತ್ತದೆ. ಆ ಕೆಲಸ ಕೀಳೆಂದಲ್ಲ, ನೀವು ಹಾಕಿದ್ದು ಯೂನಿಫಾರ್ಮ್ ಎಂದು ಕಾಣಬಾರದು, ಅಷ್ಟೇ.

ಮೊದಲ ಎರಡು ಪ್ಯಾಂಟು ಹೀಗಿರಲಿ: ಒಂದು ನೇವಿ ಬ್ಲೂ, ಇನ್ನೊಂದು ಇದ್ದಿಲಿನ ಬೂದು, ಅಂಗಡಿಯಲ್ಲಿ ಡಾರ್ಕ್ ಗ್ರೇ ಅಥವಾ ಚಾರ್ಕೋಲ್ ಎಂದರೆ ಕೊಡುತ್ತಾರೆ. ಎರಡೂ ಗೆರೆಯಿಲ್ಲದ ಪ್ಲೇನ್. ಕಪ್ಪಿನ ಗಾಂಭೀರ್ಯ ಇವೆರಡರಲ್ಲೂ ಇದೆ, ಧೂಳು ಮಾತ್ರ ಅಷ್ಟು ಕಾಣುವುದಿಲ್ಲ. ಸ್ವಲ್ಪ ಮಾಸಿದರೂ ನೇವಿ ನೇವಿಯಾಗಿಯೇ, ಬೂದು ಬೂದಾಗಿಯೇ ಇರುತ್ತದೆ, ಬೇರೆ ಬಣ್ಣಕ್ಕೆ ತಿರುಗಿದಂತೆ ತೋರುವುದಿಲ್ಲ.

ಮೂರನೆಯದು ಬಿಸ್ಕೆಟ್ ಬಣ್ಣ. ಅದನ್ನು ಎರಡನೆಯ ತಿಂಗಳಿಗೆ ಇಟ್ಟುಕೊಳ್ಳಿ, ಮಳೆಗಾಲವಾದರೆ ಇನ್ನೂ ತಡವಾಗಿ ಕೊಂಡರೂ ನಷ್ಟವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೈಕಿನ ಹಿಂದಿನ ಚಕ್ರದಿಂದ ಹಾರುವ ಕೆಮ್ಮಣ್ಣು ಆ ಬಣ್ಣದ ಹಿಮ್ಮಡಿಗೆ ಮೆತ್ತಿಕೊಂಡರೆ ಸುಲಭಕ್ಕೆ ಹೋಗುವುದಿಲ್ಲ. ಕೊಳ್ಳುವಾಗ ಒಂದು ಎಚ್ಚರ ಬೇಕು: ಖಾಕಿಗೆ ಹೋಗಬೇಡಿ. ಖಾಕಿ ಪ್ಯಾಂಟಿನ ಮೇಲೆ ಬಿಳಿ ಶರ್ಟು ಹಾಕಿದರೆ ನಮ್ಮ ಊರಿನ ಟ್ರಾಫಿಕ್ ಪೊಲೀಸರ ಉಡುಪು ಅದೇ. ಮಾರಿ ಬಿಸ್ಕತ್ತಿನಷ್ಟು ತಿಳಿಯಾಗಿರಲಿ, ಹಸಿರು ಛಾಯೆ ಇರಬಾರದು.

ಶೂ ಕಪ್ಪು ಇರುವವರು ಬಿಸ್ಕೆಟ್ ಬಣ್ಣದ ಬದಲು ನಡು ಬೂದು, ಅಂದರೆ ಹೊಸ ಸ್ಟೀಲ್ ಪಾತ್ರೆಗಿಂತ ಸ್ವಲ್ಪ ಗಾಢವಾದ ಬೂದು ತೆಗೆದುಕೊಳ್ಳಲಿ. ಕಪ್ಪು ಶೂ ಬಿಸ್ಕೆಟ್ ಬಣ್ಣದ ಕೆಳಗೆ ತೀರಾ ಕಡಿದಂತೆ ಕಾಣುತ್ತದೆ. ಉಳಿದೆಲ್ಲ ಇದೇ ಲೆಕ್ಕ.

ರೆಡಿಮೇಡ್ ಬೇಡ, ಬಟ್ಟೆ ತಂದು ಹೊಲಿಸುತ್ತೇನೆ ಎನ್ನುವವರಿಗೆ 58 ಇಂಚು ಪನ್ನದ ಬಟ್ಟೆ ಸಾಧಾರಣ ಮೈಕಟ್ಟಿಗೆ 1.2ರಿಂದ 1.3 ಮೀಟರ್ ಸಾಕಾಗುತ್ತದೆ. ಪಾಲಿಯೆಸ್ಟರ್ ವಿಸ್ಕೋಸ್ ಮಿಶ್ರಣ ಕೇಳಿ, ಅಂಗಡಿಯ ಹಳಬರು ಟೆರಿ ರೇಯಾನ್ ಎನ್ನುತ್ತಾರೆ. ಅಪ್ಪಟ ಹತ್ತಿಯ ಪ್ಯಾಂಟು ಮಂಡ್ಯದ ಬಿಸಿಲಿಗೆ ಹಿತ, ಆದರೆ ಮೈಸೂರು ತಲುಪುವಷ್ಟರಲ್ಲಿ ಮಂಡಿಯ ಹಿಂದೆ ಮಡಿಕೆ ಕೂತಿರುತ್ತದೆ. ನೂರಕ್ಕೆ ನೂರು ಪಾಲಿಯೆಸ್ಟರ್ ಅಗ್ಗ, ಸುಕ್ಕಾಗುವುದಿಲ್ಲ, ಆದರೆ ಬೆವರು ಹೀರುವುದಿಲ್ಲ, ಬೇಗ ಹೊಳಪು ಹಿಡಿಯುತ್ತದೆ.

ಉದ್ದದ ವಿಷಯದಲ್ಲಿ ಉದಾಸೀನ ಬೇಡ. ಪ್ಯಾಂಟಿನ ಅಂಚು ಶೂ ಮೇಲೆ ತಾಗಿ ಮುಂದೆ ಒಂದೇ ಒಂದು ಸಣ್ಣ ಮಡಿಕೆ ಬೀಳಬೇಕು. ಹಿಮ್ಮಡಿ ನೆಲಕ್ಕೆ ತಾಗಿ ಸವೆದ ಪ್ಯಾಂಟು ಎಷ್ಟು ದುಬಾರಿಯದಾದರೂ ಹಳೆಯದಾಗಿ ಕಾಣುತ್ತದೆ. ಆಲ್ಟರ್ ಮಾಡಿಸುವಾಗ ಟೈಲರಿಗೆ ಒಂದು ಮಾತು ಹೇಳಿಬಿಡಿ: "ಅಣ್ಣಾ, ಕೆಳಗೆ ಕತ್ತರಿಸಿದ್ದು ಬಿಸಾಕ್ಬೇಡಿ, ಆ ತುಂಡು ನಂಗೇ ಕೊಡಿ."

ಎರಡು ಬೆರಳಗಲದ ಆ ತುಂಡು

ಆ ತುಂಡು ಮುಂದಿನ ಎಲ್ಲ ಖರೀದಿಗೆ ದಾರಿ ತೋರಿಸುತ್ತದೆ. ಮೂರು ಪ್ಯಾಂಟಿನಿಂದ ಮೂರು ತುಂಡು, ಒಂದೊಂದೂ ಎರಡು ಬೆರಳಗಲ. ಹಳೆಯ ವಿಸಿಟಿಂಗ್ ಕಾರ್ಡಿಗೆ ಸ್ಟೇಪ್ಲರ್ ಪಿನ್ ಹೊಡೆದು ಪರ್ಸಿನಲ್ಲಿಡಿ. ಶರ್ಟೋ ಸಾಕ್ಸೋ ಕೊಳ್ಳುವಾಗ ಆ ಕಾರ್ಡನ್ನು ಬಟ್ಟೆಯ ಪಕ್ಕ ಇಟ್ಟು ನೋಡಿದರೆ ಸಾಕು. ಮನೆಯಲ್ಲಿರುವ ಪ್ಯಾಂಟಿನ ಬಣ್ಣವನ್ನು ನೆನಪಿನಿಂದ ಹೊಂದಿಸುವುದು ಆಗದ ಮಾತು. ಫೋನಿನಲ್ಲಿ ಫೋಟೊ ಹಿಡಿದು ತಂದರೂ ಪ್ರಯೋಜನವಿಲ್ಲ, ಏಕೆಂದರೆ ಬೆಳಕಿಗೆ ತಕ್ಕಂತೆ ಫೋನು ತಾನೇ ಬಣ್ಣವನ್ನು ತಿದ್ದಿರುತ್ತದೆ.

ಅಂಗಡಿಯೊಳಗಿನ ದೀಪವನ್ನೂ ನಂಬಬಾರದು. ಹಳದಿ ಬೆಳಕಿನಲ್ಲಿ ನೇವಿ ಬ್ಲೂ ಕಪ್ಪಾಗಿ ಕಾಣುತ್ತದೆ, ತಿಳಿ ಗುಲಾಬಿ ಕೇಸರಿಯಾಗಿ ಕಾಣುತ್ತದೆ, ತಿಳಿ ನೀಲಿ ಬೂದಾಗುತ್ತದೆ. ಒಂದೇ ಬೆಳಕಿನಲ್ಲಿ ಒಂದೇ ಎನಿಸಿದ ಎರಡು ಬಟ್ಟೆ, ಬಣ್ಣದ ರಸಾಯನ ಬೇರೆಯಾಗಿದ್ದರೆ, ಬಿಸಿಲಿನಲ್ಲಿ ಬೇರೆ ಬೇರೆಯಾಗಿ ಕಾಣುವುದೂ ಉಂಟು. ಆದ್ದರಿಂದ ಹಗಲು ಹೊತ್ತಿನಲ್ಲಿ ಹೋಗಿ, ಸಂಕೋಚ ಪಡದೆ ಕೇಳಿ: "ಅಣ್ಣ, ಒಂದ್ನಿಮಿಷ ಬಾಗಿಲ ಹತ್ರ ತಗೊಂಡ್ ಹೋಗಿ ನೋಡ್ತೀನಿ." ಶಿವರಾಂಪೇಟೆಯ ಅಂಗಡಿಯಿರಲಿ, ಮಂಡ್ಯದ ಪೇಟೆ ಬೀದಿಯದಿರಲಿ, ಬಟ್ಟೆ ವ್ಯಾಪಾರ ಬಲ್ಲವರು ಯಾರೂ ಬೇಡವೆನ್ನುವುದಿಲ್ಲ. ನೇರ ಬಿಸಿಲಿಗಲ್ಲ, ಬಾಗಿಲ ನೆರಳಿನ ಬೆಳಕಿಗೆ ಹಿಡಿಯಿರಿ. ನೇವಿಯೋ ಕಪ್ಪೋ ಎಂಬ ಅನುಮಾನ ಬಂದರೆ ಫೋನಿನ ಕಪ್ಪು ಪರದೆಯ ಪಕ್ಕ ಇಟ್ಟು ನೋಡಿ, ನೇವಿಯ ನೀಲಿ ತಕ್ಷಣ ಹೊರಬರುತ್ತದೆ.

ಸಾಕ್ಸ್

ಸಾಕ್ಸ್ ಶೂಗೆ ಹೊಂದಬೇಕೋ ಪ್ಯಾಂಟಿಗೋ ಎಂದು ಗೊಂದಲವಿರುತ್ತದೆ. ಪ್ಯಾಂಟಿಗೆ. ಕೂತಾಗ ಪ್ಯಾಂಟು ಮೇಲೇರಿ ಸಾಕ್ಸ್ ಕಂಡರೆ ಅದು ಪ್ಯಾಂಟಿನ ಮುಂದುವರಿಕೆಯಂತೆ ಕಾಣಬೇಕು, ಕಾಲು ಉದ್ದವಾಗಿ ತೋರುತ್ತದೆ. ನೇವಿ ಪ್ಯಾಂಟಿಗೆ ನೇವಿ ಸಾಕ್ಸ್, ಬೂದು ಪ್ಯಾಂಟಿಗೆ ಗಾಢ ಬೂದು ಸಾಕ್ಸ್. ಅಚ್ಚು ಅದೇ ಬಣ್ಣ ಸಿಗದಿದ್ದರೆ ಪ್ಯಾಂಟಿಗಿಂತ ಒಂದು ಛಾಯೆ ಗಾಢವಾದದ್ದು ತೆಗೆದುಕೊಳ್ಳಿ, ತಿಳಿಯಾದದ್ದು ಬೇಡ. ಬಿಸ್ಕೆಟ್ ಪ್ಯಾಂಟು ಮಾತ್ರ ಇದಕ್ಕೆ ಹೊರತು. ಆ ತಿಳಿ ಬಣ್ಣದ ಸಾಕ್ಸ್ ಎರಡೇ ದಿನದಲ್ಲಿ ಮಾಸುತ್ತದೆ, ಹಾಗಾಗಿ ಅದಕ್ಕೆ ಶೂನಂತೆಯೇ ಕಾಫಿ ಕಂದಿನ ಸಾಕ್ಸ್ ಹಾಕಿ.

ಎತ್ತರ ಮೀನಖಂಡದ ಅರ್ಧದವರೆಗೆ ಬರಬೇಕು. ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಾಗ ಪ್ಯಾಂಟಿಗೂ ಸಾಕ್ಸಿಗೂ ನಡುವೆ ಬರಿಗಾಲು ಕಂಡರೆ ಸಾಕ್ಸ್ ಗಿಡ್ಡವಾಯಿತು ಎಂದರ್ಥ. ಬಿಳಿ ಸ್ಪೋರ್ಟ್ಸ್ ಸಾಕ್ಸ್ ಫಾರ್ಮಲ್ ಶೂಗೆ ಯಾವತ್ತೂ ಬೇಡ.

ಉಳಿತಾಯದ ಗುಟ್ಟು ಇದು: ಒಂದೊಂದು ಜೊತೆ ಒಂದೊಂದು ಡಿಸೈನ್ ತರಬೇಡಿ. ಮೂರು ಜೊತೆ ಒಂದೇ ನೇವಿ, ಮೂರು ಜೊತೆ ಒಂದೇ ಬೂದು, ಒಂದೇ ತಯಾರಕರದು, ಒಂದೇ ದಿನ ಕೊಂಡದ್ದು. ಒಂದರ ಹೆಬ್ಬೆರಳು ತೂತಾದರೆ ಉಳಿದ ಐದರಲ್ಲಿ ಇನ್ನೂ ಎರಡು ಜೊತೆಯಾಗುತ್ತದೆ, ಒಂದು ಬಿಡಿ ಮಿಕ್ಕಿರುತ್ತದೆ. ಬೇರೆ ಬೇರೆ ಡಿಸೈನ್ ಆಗಿದ್ದರೆ ಒಂದು ತೂತಿಗೆ ಒಂದು ಜೊತೆಯೇ ಹೋಯಿತು. ನೇವಿ ಮತ್ತು ಬೂದನ್ನು ಬೆಳಗಿನ ಮಬ್ಬಿನಲ್ಲಿ ಗುರುತಿಸುವುದು ಕಷ್ಟ, ಆದ್ದರಿಂದ ಬೂದು ಸಾಕ್ಸಿನ ಒಳಗಡೆ ಬಾಯಿಯ ಹತ್ತಿರ ಬಿಳಿ ದಾರದಲ್ಲಿ ಒಂದು ಹೊಲಿಗೆ ಹಾಕಿಬಿಡಿ. ನಮ್ಮ ಕಡೆ ಶೂ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗುವ ಸಂದರ್ಭ ಹೆಚ್ಚು. ಪೂಜೆಗೆ, ಸಹೋದ್ಯೋಗಿಯ ಮನೆಯ ಗೃಹಪ್ರವೇಶಕ್ಕೆ ಹೋದಾಗ ಹೆಬ್ಬೆರಳು ಹೊರಗೆ ಇಣುಕಿದರೆ ಮೇಲಿನ ಶರ್ಟು ಎಷ್ಟು ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ.

ಈಗ ಶರ್ಟು

ಶರ್ಟು ಪ್ಯಾಂಟಿಗಿಂತ ಸ್ಪಷ್ಟವಾಗಿ ತಿಳಿಯಾಗಿರಬೇಕು. ಗಾಢ ಪ್ಯಾಂಟಿನ ಮೇಲೆ ಗಾಢ ಶರ್ಟು ಹಾಕಿದರೆ ಎರಡೂ ಒಂದರೊಳಗೊಂದು ಮುಳುಗಿ ಸೊಂಟದ ಗೆರೆಯೇ ಮಾಯವಾಗುತ್ತದೆ. ಹೊಂದುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಇಲ್ಲಿ ಫೋನು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಶರ್ಟು ಪ್ಯಾಂಟು ಜೊತೆಗಿಟ್ಟು ಫೋಟೊ ಹಿಡಿದು ಕಪ್ಪು-ಬಿಳುಪಿಗೆ ಬದಲಿಸಿ. ಒಂದು ತಿಳಿ, ಒಂದು ಗಾಢ ಎಂದು ಕಂಡರೆ ಸರಿ. ಎರಡೂ ಒಂದೇ ಬೂದಾಗಿ ಕಂಡರೆ ಆ ಜೋಡಿ ಬಿಡಿ. ಬಣ್ಣ ಯಾವುದೆಂದು ಫೋನು ತಪ್ಪು ಹೇಳಬಹುದು, ತಿಳಿಗಾಢದ ಅಂತರವನ್ನು ಮಾತ್ರ ಸಾಕಷ್ಟು ಸರಿಯಾಗಿ ತೋರಿಸುತ್ತದೆ.

ಮೊದಲ ತಿಂಗಳು ಮೂರು ಶರ್ಟು: ಬಿಳಿ, ತಿಳಿ ನೀಲಿ, ಬಿಳಿಯ ಮೇಲೆ ಸಣ್ಣ ನೀಲಿ ಗೆರೆ. ಮೂರೂ ನಮ್ಮ ಮೂರು ಪ್ಯಾಂಟಿಗೂ ಕೂಡುತ್ತವೆ. ಎರಡನೆಯ ತಿಂಗಳು ಇನ್ನೆರಡು: ತಿಳಿ ಗುಲಾಬಿ ಮತ್ತು ಗಾಢ ನೀಲಿ. ಗುಲಾಬಿ ನೇವಿಗೂ ಬೂದಿಗೂ ಚೆಂದ, ಬಿಸ್ಕೆಟ್ ಬಣ್ಣದ ಮೇಲೆ ಎರಡೂ ತಿಳಿಯಾಗಿ ಸಪ್ಪೆಯಾಗುತ್ತದೆ. ಗಾಢ ನೀಲಿ ಶರ್ಟು ಬಿಸ್ಕೆಟ್ ಪ್ಯಾಂಟಿಗೆ ಮಾತ್ರ. ತಿಳಿ ಮೇಲೆ, ಗಾಢ ಕೆಳಗೆ ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗಿದೆ, ಆದರೆ ಅಂತರ ಉಳಿದಿದೆ, ಬೇಕಾದದ್ದು ಅಷ್ಟೇ. ಇದೇ ಶರ್ಟನ್ನು ನೇವಿ ಪ್ಯಾಂಟಿನ ಮೇಲೆ ಹಾಕಿದರೆ ಹಿಂದೆ ಹೇಳಿದ "ಹೆಚ್ಚುಕಮ್ಮಿ ಒಂದೇ" ಎಂಬ ತಪ್ಪು. ಹೀಗೆ ಮೂರು ಶರ್ಟಿಗೆ ಮೂರು ಮೂರು, ಗುಲಾಬಿಗೆ ಎರಡು, ಗಾಢ ನೀಲಿಗೆ ಒಂದು, ಒಟ್ಟು ಹನ್ನೆರಡು ಜೋಡಿ.

ತಿಳಿ ನೀಲಿ ಶರ್ಟು, ನೇವಿ ಪ್ಯಾಂಟು ಬಹಳ ಒಳ್ಳೆಯ ಜೋಡಿ, ಆದರೆ ಸೆಕ್ಯುರಿಟಿ ಸಿಬ್ಬಂದಿಯ ಯೂನಿಫಾರ್ಮೂ ಅನೇಕ ಕಡೆ ಅದೇ ಬಣ್ಣ. ಹಾಗೆ ಕಾಣದಿರಲು ಶರ್ಟಿಗೆ ಎರಡು ಜೇಬು, ಜೇಬಿಗೆ ಮುಚ್ಚಳ, ಭುಜದ ಪಟ್ಟಿ ಯಾವುದೂ ಇರಬಾರದು. ಕಂದು ಬೆಲ್ಟು ಕಂದು ಶೂ ಇದ್ದರೆ ಅರ್ಧ ವ್ಯತ್ಯಾಸ ಅಲ್ಲೇ ಆಯಿತು. ಇನ್ನೂ ಅನುಮಾನವಿದ್ದರೆ ಆ ಪ್ಯಾಂಟಿಗೆ ಗೆರೆಯ ಶರ್ಟನ್ನೇ ಹೆಚ್ಚು ಬಳಸಿ.

ಮೈಬಣ್ಣದ ಬಗ್ಗೆ ಒಂದು ಮಾತು. ಕಪ್ಪು ಮೈಬಣ್ಣದವರಿಗೆ ತಿಳಿ ಗುಲಾಬಿ ಒಪ್ಪುವುದಿಲ್ಲ ಎಂದು ಅಂಗಡಿಯವರೇ ಕೆಲವೊಮ್ಮೆ ಹೇಳುತ್ತಾರೆ, ಅದು ತಪ್ಪು. ತಿಳಿ ಗುಲಾಬಿ, ತಿಳಿ ನೀಲಿ, ಬಿಳಿ ಗಾಢ ಮೈಬಣ್ಣದ ಮೇಲೆ ಎದ್ದು ಕಾಣುತ್ತವೆ, ಮುಖ ಬೆಳಗುತ್ತದೆ. ಒಪ್ಪದಿರುವುದು ನಿಮ್ಮ ಚರ್ಮದ ಬಣ್ಣಕ್ಕೆ ಹತ್ತಿರವಾದ ಶರ್ಟು. ಗೋಧಿ ಮೈಬಣ್ಣದವರು ಗಂಧದ ಬಣ್ಣದ ಶರ್ಟು ಹಾಕಿದರೆ ಕಾಲರ್ ಎಲ್ಲಿ ಮುಗಿಯಿತು, ಕತ್ತು ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಗಂಟಲ ಹತ್ತಿರ ಶರ್ಟಿನ ಕಾಲರ್ ಹಿಡಿದು ಕನ್ನಡಿ ನೋಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಬೆವರುವವರು ನಡು ಬೂದು ಬಣ್ಣದ ಶರ್ಟು ಕೊಳ್ಳಲೇಬೇಡಿ. ಒದ್ದೆಯಾದಾಗ ಅದರಷ್ಟು ಗಾಢವಾಗಿ ಕಲೆ ತೋರಿಸುವ ಬಣ್ಣ ಇನ್ನೊಂದಿಲ್ಲ. ಪ್ಲೇನ್ ತಿಳಿ ನೀಲಿಯೂ ಸ್ವಲ್ಪ ತೋರಿಸುತ್ತದೆ. ಬಿಳಿಯಲ್ಲಿ, ಗಾಢ ನೀಲಿಯಲ್ಲಿ, ಗೆರೆಯಲ್ಲಿ ಕಾಣುವುದು ಕಡಿಮೆ. ರೈಲಿನಲ್ಲಿ ನಿಂತು ಬರುವ ನಮ್ಮ ಹುಡುಗನಿಗೆ ಏಪ್ರಿಲ್, ಮೇ ತಿಂಗಳಲ್ಲಿ ಗೆರೆಯ ಶರ್ಟೇ ಆಸರೆ. ಬಿಳಿ ಶರ್ಟಿನೊಳಗೆ ಬಿಳಿ ಬನಿಯನ್ ಹಾಕಿದರೆ ಅದರ ತೋಳಿನ ಗೆರೆ ಹೊರಗೆ ಸ್ಪಷ್ಟವಾಗಿ ಕಾಣುತ್ತದೆ, ಏಕೆಂದರೆ ಬನಿಯನ್ ಇರುವ ಕಡೆ ಅಚ್ಚ ಬಿಳಿ, ಇಲ್ಲದ ಕಡೆ ಮೈಬಣ್ಣ ಇಣುಕುತ್ತದೆ. ತಿಳಿ ಬೂದು ಅಥವಾ ಮೈಬಣ್ಣಕ್ಕೆ ಹತ್ತಿರವಾದ ಬನಿಯನ್ ಹಾಕಿ ನೋಡಿ, ಗೆರೆ ಬಹುಪಾಲು ಮಾಯ.

ಬಟ್ಟೆ ಹತ್ತಿ-ಪಾಲಿಯೆಸ್ಟರ್ ಮಿಶ್ರಣವಿರಲಿ, ಹತ್ತಿಯ ಪಾಲು ಹೆಚ್ಚಿರಲಿ. ರಾತ್ರಿ ಒಗೆದರೆ ಬೆಳಿಗ್ಗೆಗೆ ಒಣಗುತ್ತದೆ. ಹೊಲಿಸುವವರಿಗೆ ತುಂಬುತೋಳಿಗೆ 58 ಇಂಚು ಪನ್ನದಲ್ಲಿ 1.6 ಮೀಟರ್ ಸಾಕು. ಗುಂಡಿ ಶರ್ಟಿನ ಬಣ್ಣದ್ದೇ ಇರಲಿ. ಬಿಳಿ ಶರ್ಟಿಗೆ ಕೆಂಪು ಗುಂಡಿ, ಕಾಲರಿನೊಳಗೆ ಹೂವಿನ ಪಟ್ಟಿ ಇದ್ದರೆ ಒಂದು ಸಲ ನೋಡಿದವರಿಗೆ ಆ ಶರ್ಟು ನೆನಪಿರುತ್ತದೆ, ಮುಂದಿನ ವಾರ ಹಾಕಿದರೆ "ಮತ್ತೆ ಅದೇ" ಅನ್ನಿಸುತ್ತದೆ. ಕಡಿಮೆ ಬಟ್ಟೆ ಇರುವವರಿಗೆ ನೆನಪಿನಲ್ಲಿ ಉಳಿಯದ ಶರ್ಟೇ ಒಳ್ಳೆಯದು.

ಲೆಕ್ಕ ಮತ್ತು ವಾರ

ಅಂಗಡಿಯಿಂದ ಅಂಗಡಿಗೆ ದರ ಬೇರೆ, ಆದರೆ ನಮ್ಮ ಹುಡುಗ ತನಗೆ ಹಾಕಿಕೊಳ್ಳಬಹುದಾದ ಮಿತಿ ಹೀಗೆ: ಬೆಲ್ಟಿಗೆ 400, ಪ್ಯಾಂಟಿಗೆ 800, ಶರ್ಟಿಗೆ 600, ಒಂದು ಜೊತೆ ಸಾಕ್ಸಿಗೆ 60 ರೂಪಾಯಿ. ಮೊದಲ ತಿಂಗಳು ಬೆಲ್ಟು, ಎರಡು ಪ್ಯಾಂಟು, ಮೂರು ಶರ್ಟು, ಆರು ಜೊತೆ ಸಾಕ್ಸ್ ಸೇರಿ 4,160 ರೂಪಾಯಿ. ಎರಡನೆಯ ತಿಂಗಳು ಬಿಸ್ಕೆಟ್ ಪ್ಯಾಂಟು, ಎರಡು ಶರ್ಟು, ಎರಡು ಜೊತೆ ಕಂದು ಸಾಕ್ಸ್ ಸೇರಿ 2,120. ಒಟ್ಟು 6,280. ಆಷಾಢದ ಸೇಲಿಗೆ ಕಾದರೆ ಇನ್ನೂ ಇಳಿಯಬಹುದು. ಆದರೆ ಅಲ್ಲಿಗೆ ಹೋಗುವಾಗ ಕೈಯಲ್ಲಿ ಚೀಟಿ ಇರಬೇಕು. ಸೇಲಿನಲ್ಲಿ ಬಿಳಿ, ತಿಳಿ ನೀಲಿಯ ಸಾಮಾನ್ಯ ಅಳತೆಗಳು ಬೇಗ ಖಾಲಿಯಾಗಿ ಗಿಣಿ ಹಸಿರು, ಕಿತ್ತಳೆ ಮಿಕ್ಕಿರುತ್ತವೆ. ಅರ್ಧ ಬೆಲೆಗೆ ಸಿಕ್ಕಿತೆಂದು ತಂದ ಗಿಣಿ ಹಸಿರು ಶರ್ಟು ಮೂರು ಪ್ಯಾಂಟಿನಲ್ಲಿ ಒಂದಕ್ಕೂ ಕೂಡದಿದ್ದರೆ ಅದು ಪೂರ್ತಿ ನಷ್ಟವೇ.

ಎಲ್ಲ ಕೈಸೇರಿದ ಮೇಲೆ ವಾರ ಹೀಗೆ ನಡೆಯುತ್ತದೆ. ಸೋಮವಾರ ಬಿಳಿ ಶರ್ಟು, ನೇವಿ ಪ್ಯಾಂಟು. ಮಂಗಳವಾರ ಗೆರೆಯ ಶರ್ಟು, ಬೂದು ಪ್ಯಾಂಟು. ಬುಧವಾರ ಗುಲಾಬಿ, ಮತ್ತೆ ನೇವಿ. ಗುರುವಾರ ತಿಳಿ ನೀಲಿ, ಮತ್ತೆ ಬೂದು. ಶುಕ್ರವಾರ ಗಾಢ ನೀಲಿ, ಬಿಸ್ಕೆಟ್ ಪ್ಯಾಂಟು. ಒಂದೇ ಪ್ಯಾಂಟು ಎರಡು ಸಲ ಬಂದರೂ ನಡುವೆ ಒಂದು ದಿನ ಬಿಡುವು ಸಿಗುತ್ತದೆ. ಆ ರಾತ್ರಿ ಹ್ಯಾಂಗರಿಗೆ ನೇತುಹಾಕಿ ಗಾಳಿಯಾಡಲು ಬಿಟ್ಟರೆ ಸುಕ್ಕು ಬಹಳಷ್ಟು ತಾನೇ ಇಳಿಯುತ್ತದೆ. ಮುಂದಿನ ವಾರ ಪ್ಯಾಂಟಿನ ಸಾಲು ಹಾಗೇ ಇರಲಿ, ಮೊದಲ ನಾಲ್ಕು ದಿನದ ಶರ್ಟುಗಳನ್ನು ಮಾತ್ರ ಬದಲಿಸಿ: ಸೋಮವಾರ ತಿಳಿ ನೀಲಿ, ಮಂಗಳವಾರ ಬಿಳಿ, ಬುಧವಾರ ಗೆರೆ, ಗುರುವಾರ ಗುಲಾಬಿ. ಹೊಸ ಬಟ್ಟೆ ಬಂದಂತೆಯೇ ಕಾಣುತ್ತದೆ. ಮೊದಲ ತಿಂಗಳು ಮೂರೇ ಶರ್ಟು ಇರುವಾಗ ಬುಧವಾರ ಸಂಜೆ ಎರಡನ್ನು ಒಗೆದುಕೊಳ್ಳುವುದು ಅನಿವಾರ್ಯ.

ಬಣ್ಣ ಉಳಿಸಿಕೊಳ್ಳುವುದು

ಹೊಂದಿಸಿದ ಬಣ್ಣ ಮೂರು ತಿಂಗಳಲ್ಲಿ ಕೆಡುವುದು ಬಚ್ಚಲಲ್ಲಿ ಮತ್ತು ಇಸ್ತ್ರಿ ಮೇಜಿನ ಮೇಲೆ. ಗಾಢ ಪ್ಯಾಂಟನ್ನು ಒಳಹೊರಗು ಮಾಡಿ ಒಗೆದು ನೆರಳಿನಲ್ಲಿ ಒಣಗಿಸಿ. ಇಸ್ತ್ರಿಯನ್ನೂ ಒಳಗಡೆಯಿಂದ ಮಾಡಿ, ಹೊರಗಡೆ ಮಾಡಲೇಬೇಕಾದರೆ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಒತ್ತಿ. ಬಿಸಿ ಪೆಟ್ಟಿಗೆ ನೇರವಾಗಿ ತಾಗಿದರೆ ಪಾಲಿಯೆಸ್ಟರಿನ ಎಳೆ ಚಪ್ಪಟೆಯಾಗಿ ಹೊಳಪು ಬರುತ್ತದೆ, ಒಮ್ಮೆ ಬಂದ ಹೊಳಪು ಪೂರ್ತಿ ಹೋಗುವುದಿಲ್ಲ. ಬೀದಿ ಮೂಲೆಯಲ್ಲಿ ಇದ್ದಿಲ ಪೆಟ್ಟಿಗೆಯಿಂದ ಇಸ್ತ್ರಿ ಮಾಡುವವರಿಗೆ ಕೊಡುವುದಾದರೆ ಪ್ಯಾಂಟನ್ನು ಒಳಹೊರಗು ಮಾಡಿಯೇ ಕೊಟ್ಟು "ಹೀಗೇ ಮಾಡಿ ಅಣ್ಣ" ಎಂದು ಹೇಳಿ.

ಬಿಳಿ ಶರ್ಟಿಗೆ ದೊಡ್ಡ ಶತ್ರು ಬೋರ್‌ವೆಲ್ಲಿನ ಗಡಸು ನೀರು. ಸೋಪು ನೊರೆಯಾಗದೆ ಬಟ್ಟೆಯಲ್ಲೇ ಕೂತು ಬೂದು ಛಾಯೆ ಬರುತ್ತದೆ. ನಲ್ಲಿ ನೀರು ಬರುವ ದಿನ ಬಿಳಿಯನ್ನು ಒಗೆಯಿರಿ, ಆಗದಿದ್ದರೆ ಕೊನೆಯ ಜಾಲಿಸುವಿಕೆಗಾದರೂ ಆ ನೀರು ಇಟ್ಟುಕೊಳ್ಳಿ. ಸೋಪಿಗಿಂತ ಡಿಟರ್ಜೆಂಟ್ ಪುಡಿ ಗಡಸು ನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ನೀಲಿ ಹಾಕುವಾಗ ಬಾಟಲಿಯಿಂದ ನೇರ ಬಟ್ಟೆಯ ಮೇಲೆ ಬೀಳಬಾರದು. ಅರ್ಧ ಬಕೆಟ್ ನೀರಿಗೆ ಕೆಲವೇ ಹನಿ ಹಾಕಿ, ಕೈಯಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಶರ್ಟನ್ನು ಪೂರ್ತಿ ಬಿಡಿಸಿ ಅದ್ದಿ ತಕ್ಷಣ ಎತ್ತಿ. ಮುದ್ದೆ ಮಾಡಿ ಅದ್ದಿದರೆ ಮಡಿಕೆಯಲ್ಲಿ ನೀಲಿ ನಿಂತು ಪಟ್ಟೆ ಬೀಳುತ್ತದೆ. ಕಂಕುಳಲ್ಲಿ ಹಳದಿ ಬರುವುದು ಬೆವರು ಮತ್ತು ಬೆವರು ತಡೆಯುವ ಸ್ಪ್ರೇ ಕೂಡಿದಾಗ. ಅದಕ್ಕೆ ಬ್ಲೀಚ್ ಹಾಕಿದರೆ ಹಳದಿ ಇನ್ನೂ ಗಟ್ಟಿಯಾಗಬಹುದು. ಸ್ಪ್ರೇ ಒಣಗಿದ ಮೇಲೆ ಶರ್ಟು ಹಾಕಿಕೊಳ್ಳಿ, ಸಂಜೆ ಬಂದ ಕೂಡಲೇ ಆ ಭಾಗವನ್ನು ನೀರಿನಲ್ಲಿ ನೆನೆಸಿಡಿ.

ಐದರಲ್ಲಿ ಮೊದಲು ಹಳತಾಗುವುದು ಬಿಳಿ ಶರ್ಟೇ. ಕಾಲರಿನ ಮಡಿಕೆಯಲ್ಲಿ ನೂಲು ಸವೆದು ಅಂಚು ಒರಟಾದರೆ ಅದರ ಆಫೀಸ್ ಆಯುಸ್ಸು ಮುಗಿಯಿತು, ಬೇರೆ ಬಿಳಿ ಶರ್ಟು ತನ್ನಿ, ಬೇರೆ ಬಣ್ಣವಲ್ಲ. ಶೂ ಬದಲಿಸುವ ದಿನ ಬಂದಾಗ ಹಳೆಯ ಬೆಲ್ಟನ್ನು ಜೊತೆಗೇ ತೆಗೆದುಕೊಂಡು ಹೋಗಿ.